ದುಬೈಯಿಂದ ಬಂದ ಒಳ್ಳೆಮೆಣಸು

ನನ್ನ ಹೆಂಡತಿಯ ಮೊಬೈಲ್ ನಂಬರ್ ನನಗೆ ಬಾಯಿಗೆ ಬರುವುದಿಲ್ಲ. ಫೋನು ಕಳೆದುಹೋದರೆ ಮನೆಗೆ ಸುದ್ದಿ ಮುಟ್ಟಿಸಲಾರದ ಮನುಷ್ಯ ನಾನು. ಆದರೆ ಮಂಗಲ್ಪಾಡಿಯ ಒಬ್ಬ ಮೆಣಸಿನ ವ್ಯಾಪಾರಿಯ ಹತ್ತು ಅಂಕಿಗಳ ಸಂಖ್ಯೆಯೊಂದನ್ನು ಮಾತ್ರ ಯಾವಾಗ ಕೇಳಿದರೂ ತಡವರಿಸದೆ ಹೇಳುತ್ತೇನೆ. ಅದು ಅವರ ಫೋನ್ ನಂಬರೂ ಅಲ್ಲ, ಬ್ಯಾಂಕಿನದ್ದೂ ಅಲ್ಲ. ಹೊರದೇಶಕ್ಕೆ ಸರಕು ಕಳಿಸುವವರಿಗೂ ಅಲ್ಲಿಂದ ತರಿಸುವವರಿಗೂ ಕೇಂದ್ರ ಸರ್ಕಾರ ಕೊಡುವ ಸಂಕೇತ ಸಂಖ್ಯೆ. ಎಲ್ಲರೂ ಐಇಸಿ ಎನ್ನುತ್ತಾರೆ. ಅವರ ಬಿಲ್ಲಿನ ಅಡಿಯಲ್ಲಿ, ಕನ್ನಡಕ ಹಾಕಿದರೂ ಓದಲು ಕಷ್ಟವಾಗುವಷ್ಟು ಸಣ್ಣ ಅಕ್ಷರದಲ್ಲಿ ಅದು ಅಚ್ಚಾಗಿರುತ್ತಿತ್ತು. ನಾನು ಓದಿದೆ. ಓದದೆ ಇದ್ದಿದ್ದರೆ ಒಳ್ಳೆಯದಿತ್ತು ಎಂದು ಈಗ ಅನ್ನಿಸುತ್ತದೆ.

ಕಾಸರಗೋಡಿನ ಹತ್ತಿರದ ನೆಕ್ರಾಜೆಯ ನಮ್ಮ ಕಡೆ ಕಾಳುಮೆಣಸಿಗೆ ಒಳ್ಳೆಮೆಣಸು ಎನ್ನುವುದು. ಎಲ್ಲರ ತೋಟದಲ್ಲೂ ಅಷ್ಟಿಷ್ಟು ಬಳ್ಳಿಗಳಿವೆ, ಯಾರದ್ದೂ ದೊಡ್ಡ ಬೆಳೆಯಲ್ಲ. ಒಬ್ಬೊಬ್ಬರೇ ಅರ್ಧ ಗೋಣಿ ಹೊತ್ತು ಪೇಟೆಗೆ ಹೋದರೆ ಅಂಗಡಿಯವನು ಹೇಳಿದ್ದೇ ದರ. ಅದಕ್ಕಾಗಿ ನಾವು ನಲವತ್ತು ಚಿಲ್ಲರೆ ಮನೆಯವರು ಸೇರಿ ಒಂದು ಸಂಘ ಮಾಡಿಕೊಂಡಿದ್ದೆವು. ರಸ್ತೆ ಬದಿಯ ಬಾಡಿಗೆ ಕೋಣೆ, ಒಂದು ತಕ್ಕಡಿ, ಒಂದು ಹಳೆಯ ಕಂಪ್ಯೂಟರ್, ತೇವ ಅಳೆಯುವ ಒಂದು ಮೀಟರ್ ಮತ್ತು ಕಾರ್ಯದರ್ಶಿಯಾದ ನಾನು, ಇಷ್ಟೇ ಸಂಘದ ಆಸ್ತಿ. ಇವುಗಳ ಪೈಕಿ ತನ್ನ ಬಗ್ಗೆ ಅತಿ ಹೆಚ್ಚು ಅಭಿಮಾನ ಇದ್ದದ್ದು ಕಾರ್ಯದರ್ಶಿಗೆ. ಎಕ್ಸೆಲ್ ಬಲ್ಲವನು ಇಡೀ ಸಂಘದಲ್ಲಿ ನಾನೊಬ್ಬನೇ. ಅದನ್ನು ಯಾರಿಗೂ ಮರೆಯಲು ಬಿಡುತ್ತಿರಲಿಲ್ಲ.

ನಮ್ಮ ಮೆಣಸು ಕೊಳ್ಳುತ್ತಿದ್ದವರು ಆ ಮಂಗಲ್ಪಾಡಿಯ ವ್ಯಾಪಾರಿ. ನನಗಿಂತ ಹದಿನೈದು ವರ್ಷ ದೊಡ್ಡವರು. ಮನೆಮಾತು ತುಳು, ನಮ್ಮೊಡನೆ ಕನ್ನಡ, ಲಾರಿಯವರೊಡನೆ ಮಲಯಾಳ. ಸಂಘದಲ್ಲಿ ಎಲ್ಲರೂ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ಹೆದ್ದಾರಿ ಬದಿಯಲ್ಲಿ ಅವರ ಗೋದಾಮು. ಅಲ್ಲಿ ಮೆಣಸನ್ನು ಜರಡಿ ಹಿಡಿದು, ಕಸ ತೆಗೆದು, ಹೊಸ ಗೋಣಿಗೆ ತುಂಬಿಸಿ, ವರ್ಷಕ್ಕೆ ಒಂದೋ ಎರಡೋ ಕಂಟೇನರ್ ಕೊಚ್ಚಿ ಬಂದರಿನಿಂದ ಹೊರಗೆ ಕಳಿಸುತ್ತಿದ್ದರು. ದೊಡ್ಡ ಕುಳಗಳ ಮುಂದೆ ಅದು ಏನೂ ಅಲ್ಲ. ಆದರೆ ನಮ್ಮ ಮೆಣಸು ಕಡಲು ದಾಟುತ್ತದೆ ಎಂಬುದೇ ನಮಗೊಂದು ಗರ್ವ.

ನಮ್ಮಿಬ್ಬರ ನಡುವಿನ ಕ್ರಮ ಹೀಗಿತ್ತು. ಪ್ರತಿ ಮನೆಯ ಮೆಣಸಿಗೆ ಒಂದು ಲಾಟ್ ನಂಬರ್. ತೂಕ ಮಾಡಿ, ಮೀಟರಿನಲ್ಲಿ ತೇವ ನೋಡಿ, ನಾನೊಂದು ಚೀಟಿ ಬರೆದು ಗೋಣಿಗೆ ಕಟ್ಟಬೇಕು. ನೂರಕ್ಕೆ ಹನ್ನೊಂದರ ಆಸುಪಾಸಿನಲ್ಲಿ ತೇವ ಇದ್ದರೆ ಮೆಣಸು ಗಟ್ಟಿ, ಅದಕ್ಕಿಂತ ತೀರಾ ಮೇಲೆ ಹೋದರೆ ಹಡಗಿನೊಳಗಿನ ಸೆಖೆಗೆ ಬೂಸರು ಹಿಡಿಯುತ್ತದೆ. ಹೊರಗಿನವರಿಂದ ಕೊಂಡ ಮೆಣಸನ್ನು ಅಣ್ಣ ಗೋಣಿ ಗೋಣಿಯೂ ಪರೀಕ್ಷಿಸುತ್ತಿದ್ದರು. ನಮ್ಮದನ್ನು ಮಾತ್ರ ಪುನಃ ನೋಡುತ್ತಿರಲಿಲ್ಲ. ಮೊದಲ ವರ್ಷವೇ ನನ್ನ ಎದುರು ಹೇಳಿದ್ದರು, "ನೀನು ಬರೆದದ್ದರ ಮೇಲೆ ನಾನು ಇನ್ನೊಂದು ಮೀಟರ್ ಇಡುದಿಲ್ಲ." ಚೀಟಿಗಳನ್ನು ಲಾಟ್ ನಂಬರಿನ ಪ್ರಕಾರ ಫೈಲಿಗೆ ಹಾಕಿ, ಅದೇ ನಂಬರನ್ನು ಹೊಸ ಗೋಣಿಯ ಮೇಲೂ ಬರೆಸುತ್ತಿದ್ದರು.

ಇದು ಕೊರೋನಾಕ್ಕಿಂತ ಮುಂಚಿನ ಮಾತು. ಆ ವರ್ಷ ಮೆಣಸಿನ ದರ ಬಿದ್ದಿತ್ತು. ವಿಯೆಟ್ನಾಮಿನ ಅಗ್ಗದ ಮೆಣಸು ಬೇರೆ ಬೇರೆ ದೇಶಗಳ ಮೂಲಕ ಸುತ್ತಿಕೊಂಡು ಬರುತ್ತದೆ, ಇಲ್ಲಿಯದ್ದರೊಡನೆ ಬೆರೆಯುತ್ತದೆ ಎಂದು ಪತ್ರಿಕೆಯಲ್ಲೂ ಚಹಾದಂಗಡಿಯಲ್ಲೂ ಒಂದೇ ಸುದ್ದಿ. ಅದು ಪೂರಾ ಸುಳ್ಳೂ ಆಗಿರಲಿಲ್ಲ. ಬೆಳೆಗಾರನಿಗೆ ಸಿಟ್ಟು ಬರಲು ಯಾರಾದರೂ ಒಬ್ಬ ಮನುಷ್ಯ ಬೇಕಲ್ಲ, ದೂರದ ವಿಯೆಟ್ನಾಮಿನ ಮೇಲೆ ಎಷ್ಟೆಂದು ಸಿಟ್ಟಾಗುವುದು. ಅಂಥ ಹೊತ್ತಿನಲ್ಲೇ ಅಣ್ಣ ಬದಲಾದರು. ಮಳೆಗಾಲದ ನಡುವೆ ಬಂದು ಉಳಿದ ದಾಸ್ತಾನು ಎತ್ತುವುದು ಅವರ ರೂಢಿ, ಆ ಸಲ ಬರಲಿಲ್ಲ. ಫೋನು ಮಾಡಿದರೆ ಸ್ವಲ್ಪ ತಡೀರಿ ಎಂದರು. ಕಾರಣ ಕೇಳಿದರೆ ಮಾತು ಬೇರೆ ಕಡೆ ತಿರುಗಿಸಿದರು. ಅಷ್ಟರಲ್ಲಿ ಉಪ್ಪಳಕ್ಕೆ ಮದುವೆಗೆ ಹೋಗಿದ್ದ ನಮ್ಮ ಒಬ್ಬ ಸದಸ್ಯರು ದಾರಿಯಲ್ಲಿ ಅಣ್ಣನ ಗೋದಾಮಿನ ಮುಂದೆ ಒಂದು ದೊಡ್ಡ ಲಾರಿಯಿಂದ ಮೆಣಸು ಇಳಿಸುವುದನ್ನು ಕಂಡು ಬಂದರು. ಗೋಣಿಗಳ ಮೇಲೆ ಇಂಗ್ಲಿಷಿನಲ್ಲಿ ದುಬೈ ಎಂದು ಬರೆದಿತ್ತಂತೆ.

ಲಾರಿ ಕಂಡವರು ಸಂಘದ ಕೋಣೆಗೆ ಬಂದು ಇದನ್ನು ಹೇಳುವಾಗ ಐದಾರು ಮಂದಿ ಇದ್ದರು. ಒಬ್ಬರು ಅಣ್ಣನನ್ನೇ ಕೇಳಿಬಿಡುವ ಎಂದರು. ಅದು ಸರಿಯಾದ ಮಾತು, ಆಡಿದವರು ಕೂಡ ಸಾದಾ ಮನುಷ್ಯ. ನಾನು ಒಪ್ಪಲಿಲ್ಲ. ಕೇಳಿದರೆ ಇಲ್ಲ ಅಂತಾರೆ ಅಷ್ಟೇ, ದಾಖಲೆ ತೆಗೆದು ನೋಡುವ, ನನಗೆ ದಾರಿ ಗೊತ್ತುಂಟು ಎಂದೆ. ಎಲ್ಲರೂ ನನ್ನ ಮುಖ ನೋಡಿದರು. ಆ ನೋಟ ನನಗೆ ತುಂಬ ಹಿತವಾಯಿತು, ಸುಳ್ಳು ಯಾಕೆ ಹೇಳಲಿ.

ಮೊದಲು ಅಣ್ಣನ ಹಳೆಯ ಬಿಲ್ಲು ಹುಡುಕಿ ಐಇಸಿ ಬರೆದುಕೊಂಡೆ. ಈಗ ಹೊಸಬರಿಗೆ ಅವರ ಪ್ಯಾನ್ ನಂಬರೇ ಐಇಸಿ ಆಗುತ್ತದೆ. ಅಣ್ಣನದ್ದು ಹಳೆಯ ಕಾಲದ್ದು, ಬರೀ ಅಂಕಿಗಳು. ವಿದೇಶ ವ್ಯಾಪಾರ ಇಲಾಖೆಯ ಜಾಲತಾಣದಲ್ಲಿ ಆ ಸಂಖ್ಯೆಯನ್ನೂ ಸಂಸ್ಥೆಯ ಹೆಸರನ್ನೂ ಹಾಕಿದರೆ ವಿವರ ತೆರೆದುಕೊಳ್ಳುತ್ತದೆ. ಸಂಸ್ಥೆಯ ಹೆಸರು ಸರಿ, ವಿಳಾಸ ಸರಿ, ಸಂಖ್ಯೆ ಚಾಲ್ತಿಯಲ್ಲಿದೆ, ಬೇರೆ ಶಾಖೆಗಳಿಲ್ಲ. ಅಷ್ಟೇ. ಏನು ಕಳಿಸುತ್ತಾರೆ, ಏನು ತರಿಸುತ್ತಾರೆ ಎಂಬುದು ಅಲ್ಲಿ ಇರುವುದಿಲ್ಲ. ಅದು ಬೇಕಾದರೆ ಕಸ್ಟಮ್ಸಿನ ಕಾಗದಗಳಿಗೆ ಹೋಗಬೇಕು. ಹೊರಗೆ ಹೋಗುವ ಪ್ರತಿ ಸರಕಿಗೂ ಶಿಪ್ಪಿಂಗ್ ಬಿಲ್, ಒಳಗೆ ಬರುವುದಕ್ಕೆ ಬಿಲ್ ಆಫ್ ಎಂಟ್ರಿ. ಎರಡರಲ್ಲೂ ಆ ಹತ್ತು ಅಂಕಿ ಇದ್ದೇ ಇರುತ್ತದೆ, ಅದಿಲ್ಲದೆ ಬಂದರಿನಲ್ಲಿ ಕಾಗದ ಮುಂದೆ ಹೋಗುವುದಿಲ್ಲ. ಆಗ ಈ ಕಾಗದಗಳ ವಿವರ ಒಟ್ಟುಮಾಡಿ ಮಾರುವ ಖಾಸಗಿ ಕಂಪೆನಿಗಳಿದ್ದವು. ಆಮೇಲೆ ಕಾನೂನು ಬಂತು. ಯಾರು ಏನನ್ನು ಎಷ್ಟು ತರಿಸಿದರು, ಯಾವ ಬೆಲೆಗೆ ಎಂಬುದನ್ನು ಹಾಗೆಲ್ಲ ಬಯಲು ಮಾಡುವುದು ಈಗ ಅಪರಾಧ. ಆ ಕಾನೂನು ಓದುವಾಗ, ಸ್ವಲ್ಪ ಮೊದಲೇ ಬರಬಾರದಿತ್ತೇ ಎಂದುಕೊಂಡೆ.

ಮಂಗಳೂರಿನಲ್ಲಿ ಕಸ್ಟಮ್ಸ್ ಬ್ರೋಕರ್ ಕಚೇರಿಯೊಂದರಲ್ಲಿ ನನ್ನ ಕಾಲೇಜು ಗೆಳೆಯನೊಬ್ಬ ಕೆಲಸ ಮಾಡುತ್ತಾನೆ. ವ್ಯಾಪಾರಿಗಳ ಪರವಾಗಿ ಈ ಕಾಗದಗಳನ್ನು ತುಂಬಿಸಿ ಬಂದರಿನಲ್ಲಿ ಸರಕು ಬಿಡಿಸಿಕೊಡುವುದು ಅವರ ಕಸುಬು. ವಿವರ ಮಾರುವ ಅಂಥ ಒಂದು ಕಂಪೆನಿಗೆ ಅವನ ಕಚೇರಿ ವರ್ಷದ ಚಂದಾ ಕಟ್ಟಿತ್ತು. ಬೆಳಗಿನ ರೈಲಿನಲ್ಲಿ ಹೋಗಿ ಅವನ ಪಕ್ಕ ಕೂತೆ. ಅವನು ಹತ್ತು ಅಂಕಿ ಹಾಕಿದ. ರಫ್ತಿನ ಕಡೆ ಆರು ಸಾಲುಗಳು ಬಂದವು. ಎಲ್ಲದರಲ್ಲೂ ಸರಕಿನ ಸಂಕೇತ 0904ರಿಂದ ಶುರು, ಅಂದರೆ ಮೆಣಸು. ಅದು ನಮಗೆ ಗೊತ್ತಿದ್ದದ್ದೇ. ಆಮದಿನ ಕಡೆ ಏನೂ ಬರಬಾರದಿತ್ತು. ಒಂದು ಸಾಲು ಬಂತು.

ಅದೇ 0904. ಕಾಳುಮೆಣಸು, ಒಂದು ಕಂಟೇನರ್ ತುಂಬ, ಕೊಚ್ಚಿ ಬಂದರು, ಆ ಜೂನ್ ತಿಂಗಳು. ಎಲ್ಲಿಂದ ರವಾನೆ ಎಂಬ ಕಡೆ ಯುಎಇ.

ನನಗಾದದ್ದು ಬೇಸರವಲ್ಲ, ಬೇಟೆ ಸಿಕ್ಕ ಖುಷಿ. ಗೆಳೆಯ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟ. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಾಲಮುಗಳಿದ್ದವು. ಅವನು ಅಷ್ಟರಲ್ಲಿ ಬೇರೆ ಯಾರದ್ದೋ ಕೆಲಸಕ್ಕೆ ಏಳುತ್ತಿದ್ದ, ಹೋಗುವಾಗ ಹೇಳಿದ, "ಮನೆಗೆ ಹೋಗಿ ಎಲ್ಲ ಕಾಲಂ ಓದು ಮಾರಾಯ. ಒಂದೆರಡು ನೋಡಿ ಎಂತದ್ದೂ ಹೇಳ್ಲಿಕ್ಕೆ ಹೋಗ್ಬೇಡ." ಆಯ್ತು ಎಂದೆ. ವಾಪಸು ಬರುವ ರೈಲು ಮಂಜೇಶ್ವರ ದಾಟುವಷ್ಟರಲ್ಲಿ ಸಭೆಯಲ್ಲಿ ಏನು ಮಾತಾಡಬೇಕೆಂದು ಮನಸ್ಸಿನಲ್ಲೇ ಸಿದ್ಧಮಾಡಿಕೊಂಡಿದ್ದೆ.

ಈಗ ನಾನು ಮಾಡಿದ ಕೆಲಸವನ್ನು ಸರಿಯಾಗಿ ಹೇಳಬೇಕು. ಇಪ್ಪತ್ತು ಕಾಲಮಿನ ಹಾಳೆ ಒಂದು ಪುಟದಲ್ಲಿ ಅಚ್ಚಾಗುವುದಿಲ್ಲ. ಸದಸ್ಯರಲ್ಲಿ ಹೆಚ್ಚಿನವರು ವಯಸ್ಸಾದವರು, ಅಕ್ಷರ ದೊಡ್ಡದಿರಬೇಕು. ಆದ್ದರಿಂದ ನನಗೆ ಮುಖ್ಯ ಎನಿಸಿದ ಆರು ಕಾಲಮುಗಳನ್ನು ಉಳಿಸಿಕೊಂಡು ಬಾಕಿಯದ್ದನ್ನು ಮರೆಮಾಡಿದೆ. ತಾರೀಕು, ಬಂದರು, ಸಂಕೇತ, ತೂಕ, ರವಾನೆಯಾದ ದೇಶ, ಸರಕಿನ ವಿವರ. ವಿವರದ ಕಾಲಂ ಅಗಲವಾಗಿತ್ತು, ಅದನ್ನೂ ಕುಗ್ಗಿಸಿದೆ. ಕುಗ್ಗಿಸಿದಾಗ ಕೊನೆಯ ಶಬ್ದಗಳು ಕಾಣುವುದಿಲ್ಲ, ಮೊದಲಿನ ಬ್ಲ್ಯಾಕ್ ಪೆಪ್ಪರ್ ಎಂಬುದಷ್ಟೇ ಕಾಣುತ್ತದೆ. ಯಾರಿಗೂ ಮೋಸ ಮಾಡಬೇಕೆಂದು ಹಾಗೆ ಮಾಡಿದ್ದಲ್ಲ. ಚಂದ ಕಾಣಲಿ ಎಂದು ಮಾಡಿದ್ದು.

ಓಣಂ ರಜೆಯಲ್ಲಿ ಶಾಲೆಯ ಹಾಲ್ ಖಾಲಿ ಇತ್ತು, ಅಲ್ಲೇ ಸಭೆ. ಎಲ್ಲರ ಕೈಗೂ ಒಂದೊಂದು ಹಾಳೆ ಕೊಟ್ಟೆ. ಐಇಸಿ ಎಂದರೇನು, ಬಿಲ್ ಆಫ್ ಎಂಟ್ರಿ ಎಂದರೇನು ಎಂದು ಮೇಷ್ಟರ ಹಾಗೆ ವಿವರಿಸಿದೆ. ಯಾರೋ ಹಿಂದಿನಿಂದ, ಯುಎಇ ಅಂದರೆ ದುಬೈ ಅಲ್ವಾ ಎಂದರು. ನಾನು ಅದಕ್ಕೇ ಕಾದಿದ್ದೆ.

"ಹೌದು, ದುಬೈ. ನಮ್ಮವರು ಎಷ್ಟೋ ಜನ ಅಲ್ಲಿದ್ದಾರೆ, ಬೇಕಾದ್ರೆ ಫೋನು ಮಾಡಿ ಕೇಳಿ, ಅಲ್ಲಿ ಯಾವ ಮರಕ್ಕೆ ಒಳ್ಳೆಮೆಣಸಿನ ಬಳ್ಳಿ ಬಿಡ್ತಾರೆ ಅಂತ."

ಹಾಲ್ ಇಡೀ ನಕ್ಕಿತು. ನಾನೂ ನಕ್ಕೆ. ಆ ನಗು ನಿಲ್ಲುವ ಮೊದಲೇ ಅಣ್ಣನ ವಿಷಯ ಮುಗಿದಿತ್ತು. ಅಣ್ಣನನ್ನು ಕರೆಸಿ ಕೇಳೋಣ ಎಂದು ಮೊದಲು ಹೇಳಿದ ಸದಸ್ಯರು ಪುನಃ ಎದ್ದು ನಿಂತರು, ಆದರೆ ಯಾರೂ ಅವರ ಮಾತು ಕೇಳಿಸಿಕೊಳ್ಳಲಿಲ್ಲ. ಇನ್ನು ಮುಂದೆ ಆ ಸಂಸ್ಥೆಗೆ ಸಂಘದ ಮೆಣಸು ಕೊಡುವುದಿಲ್ಲ ಎಂದು ತೀರ್ಮಾನವಾಯಿತು. ಪತ್ರ ಬರೆದವನು ನಾನೇ. ವಿದೇಶೀ ಮೆಣಸನ್ನು ನಮ್ಮ ಮೆಣಸಿನ ಹೆಸರಿನಲ್ಲಿ ಮಾರುವವರೊಡನೆ ವ್ಯವಹಾರ ಸಾಧ್ಯವಿಲ್ಲ ಎಂದು ಬರೆದೆ, ಆ ಹಾಳೆಯನ್ನೂ ಜೊತೆಗಿಟ್ಟೆ. ಅದರ ಒಂದೊಂದು ನಕಲು ಅಕ್ಕಪಕ್ಕದ ಸಂಘಗಳಿಗೂ ಹೋಯಿತು.

ನಾಲ್ಕು ದಿನ ಬಿಟ್ಟು ಅಣ್ಣ ಬಂದರು. ಬಸ್ಸಿನಲ್ಲಿ ಬಂದಿದ್ದರು. ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ಕೂತುಕೊಳ್ಳಿ ಎಂದೆ, ಕೂರಲಿಲ್ಲ. ಜೇಬಿನಿಂದ ನನ್ನ ಹಾಳೆ ತೆಗೆದು ಮೇಜಿನ ಮೇಲೆ ಹರಡಿದರು.

"ಇದರಲ್ಲಿ ಇಷ್ಟೇ ಇದ್ದದ್ದಾ?" ಎಂದರು.

"ಬೇಕಾದದ್ದು ಇಷ್ಟೇ ಅಣ್ಣ," ಎಂದೆ. ಧ್ವನಿ ಗಟ್ಟಿಯಾಗಿಯೇ ಇತ್ತು.

ಅವರು ಹಾಳೆಯಿಂದ ತಲೆ ಎತ್ತಿ ನನ್ನ ಮುಖ ನೋಡಿದರು. ಪುನಃ ಅಂಗಿಯ ಜೇಬಿಗೆ ಕೈ ಹಾಕಿದರು. ಕನ್ನಡಕ ಹುಡುಕುತ್ತಿದ್ದಾರೆ ಎಂದುಕೊಂಡೆ, ಆದರೆ ಕನ್ನಡಕ ಮೂಗಿನ ಮೇಲೆಯೇ ಇತ್ತು. ಕೈಯನ್ನು ಹಾಗೆಯೇ ಖಾಲಿ ಹೊರಗೆ ತೆಗೆದರು. ಸರಿ ಹಾಗಾದ್ರೆ ಎಂದು ಮೆಟ್ಟಿಲಿಳಿದರು. ಅವರು ಹೋದಮೇಲೆ ನಾನು ಅಧ್ಯಕ್ಷರಿಗೆ ಫೋನು ಮಾಡಿ, ಬಾಯಿ ಬಿಡಲಿಕ್ಕೆ ಏನೂ ಇರಲಿಲ್ಲ ಅವರಿಗೆ ಎಂದು ಹೇಳಿದೆ.

ಒಂದು ವರ್ಷ ಕಳೆಯಿತು. ಬೇರೆ ವ್ಯಾಪಾರಿ ಸಿಕ್ಕಿದ. ಅವನು ನಮ್ಮ ಚೀಟಿಗಳನ್ನು ಓದುತ್ತಲೇ ಇರಲಿಲ್ಲ, ಎಲ್ಲ ಗೋಣಿಯನ್ನೂ ತಾನೇ ಬಿಚ್ಚಿ ನೋಡಿ, ಪ್ರತಿ ಗೋಣಿಗೂ ಒಂದು ಕೊಂಕು ತೆಗೆಯುತ್ತಿದ್ದ. ಅವನ ಕಾಟ ತಡೆಯಲಾರದೆ ನಾವೇ ನೇರವಾಗಿ ರಫ್ತು ಮಾಡಿದರೆ ಹೇಗೆ ಎಂಬ ಮಾತು ಬಂತು. ಅದಕ್ಕೆ ಸಂಘಕ್ಕೇ ಒಂದು ಐಇಸಿ ಬೇಕು. ಅರ್ಜಿ ತುಂಬಿಸುವುದು ಹೇಗೆ ಎಂದು ಕೇಳಲು ಪುನಃ ಮಂಗಳೂರಿಗೆ ಹೋದೆ. ಗೆಳೆಯ ಹಳೆಯ ಫೈಲು ತೆರೆದು, ನೋಡು, ಸರಕಿನ ಸಂಕೇತ ಎಂಟು ಅಂಕಿ ಪೂರ್ತಿ ಹೀಗೆ ಬರೆಯಬೇಕು ಎಂದು ತೋರಿಸತೊಡಗಿದ. ಅವನ ಕಂಪ್ಯೂಟರಿನಲ್ಲಿ ಒಂದು ಕಾಲಮೂ ಮರೆಯಾಗಿರಲಿಲ್ಲ. ಅಣ್ಣನ ಆ ಒಂದು ಆಮದಿನ ಸಾಲು ಪರದೆಯ ಈ ತುದಿಯಿಂದ ಆ ತುದಿಯವರೆಗೆ ಚಾಚಿಕೊಂಡಿತ್ತು.

ರವಾನೆಯಾದ ದೇಶ, ಯುಎಇ. ಅದರ ಪಕ್ಕದಲ್ಲಿ ಇನ್ನೊಂದು ಕಾಲಂ, ಸರಕು ಹುಟ್ಟಿದ ದೇಶ. ಅಲ್ಲಿ ಭಾರತ ಎಂದಿತ್ತು.

ಒಮ್ಮೆಗೆ ನನಗೆ ಅರ್ಥವಾಗಲಿಲ್ಲ. ಗೆಳೆಯನಿಗೆ ಬೆರಳು ತೋರಿಸಿದೆ. ಅವನು ಸಹಜವಾಗಿ, ಅದು ವಾಪಸ್ ಬಂದ ಮಾಲು ಅಲ್ವಾ ಎಂದ. ವಿವರದ ಕಾಲಂ ಅಗಲಿಸಿದ. ಬ್ಲ್ಯಾಕ್ ಪೆಪ್ಪರ್ ಆದಮೇಲೆ ಮರು ಆಮದು ಎಂದಿತ್ತು, ಯಾವ ಶಿಪ್ಪಿಂಗ್ ಬಿಲ್ಲಿನ ಮೇಲೆ ಹೋದ ಮಾಲು ಎಂದು ಅದರ ನಂಬರೂ ತಾರೀಕೂ ಇತ್ತು. ಆ ನಂಬರು ರಫ್ತಿನ ಆರು ಸಾಲುಗಳಲ್ಲಿ ಕೊನೆಯದ್ದು. ತೂಕ ಎರಡೂ ಕಡೆ ಕಿಲೋ ಬಿಡದೆ ಒಂದೇ. ಕಳಿಸಿದ ಮಾಲನ್ನು ಕೊಂಡವನು ಬೇಡವೆಂದು ಹಿಂದೆ ಕಳಿಸಿದರೆ, ಅದು ನಮ್ಮದೇ ತೋಟದ್ದಾದರೂ ಬಂದರಿನಲ್ಲಿ ಬಿಲ್ ಆಫ್ ಎಂಟ್ರಿ ಹಾಕಿಯೇ ಒಳಗೆ ತರಬೇಕು, ದಾಖಲೆಯಲ್ಲಿ ಅದು ಆಮದೇ ಎಂದು ಅವನು ವಿವರಿಸಿದ. ಗೋಣಿಯ ಮೇಲಿನ ದುಬೈ ಎಂಬುದು ಕೂಡ ಆಗ ನೆನಪಾಯಿತು. ಅದು ಎಲ್ಲಿಂದ ಬಂತು ಎಂಬುದಲ್ಲ, ಎಲ್ಲಿಗೆ ಹೋಗಬೇಕು ಎಂದು ಬರೆದದ್ದು.

ನನಗೆ ಮೊದಲು ಬಂದದ್ದು ಗೆಳೆಯನ ಮೇಲೆ ಸಿಟ್ಟು. ಆವತ್ತೇ ಯಾಕೆ ಹೇಳಲಿಲ್ಲ ಎಂದು ಕಚೇರಿಯವರೆಲ್ಲ ತಿರುಗಿ ನೋಡುವ ಹಾಗೆ ಕೇಳಿದೆ. ಅವನು ತಣ್ಣಗೆ ಹೇಳಿದ, "ನೀನು ಕೇಳಿದ್ದು ಆಮದು ಉಂಟಾ ಅಂತ. ಉಂಟು ಅಂದೆ. ಎಂತಕ್ಕೆ ಬಂತು ಅಂತ ನೀನು ಕೇಳ್ಲೇ ಇಲ್ಲ." ಐಇಸಿ ಅರ್ಜಿಯನ್ನು ಅಲ್ಲೇ ಬಿಟ್ಟು ರೈಲು ಹತ್ತಿದೆ. ಮಂಜೇಶ್ವರ ಬಂತು, ಉಪ್ಪಳ ಬಂತು, ಸಭೆಯ ನಗು ಮಾತ್ರ ಕಿವಿಯಿಂದ ಹೋಗಲಿಲ್ಲ.

ಮರುದಿನವೇ ಶಿರಿಯಕ್ಕೆ ಹೋದೆ. ಅಣ್ಣನ ಮನೆ ಅಲ್ಲಿ, ಹೊಳೆಗೆ ಹತ್ತಿರ. ಗೋದಾಮನ್ನು ಟೈಲ್ಸ್ ಅಂಗಡಿಯವರಿಗೆ ಬಾಡಿಗೆಗೆ ಕೊಟ್ಟಿದ್ದಾರೆ ಎಂದು ದಾರಿಯಲ್ಲೇ ಗೊತ್ತಾಯಿತು. ನಮ್ಮ ಪತ್ರ ಹೋದಮೇಲೆ ಬೇರೆ ಸಂಘಗಳೂ ಮೆಣಸು ಕೊಡುವುದನ್ನು ನಿಲ್ಲಿಸಿದ್ದವು, ಒಂದು ಕಂಟೇನರ್ ತುಂಬುವಷ್ಟು ಮಾಲು ಅವರಿಗೆ ಆಮೇಲೆ ಸೇರಲೇ ಇಲ್ಲ. ಅಣ್ಣ ಜಗಲಿಯಲ್ಲಿ ಕೂತು ಬಲೆಯ ಹುರಿ ಬಿಡಿಸುತ್ತಿದ್ದರು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಹುಟ್ಟಿದ ದೇಶದ ಕಾಲಮನ್ನು ಮರೆಮಾಡಿದ್ದೆ, ತಪ್ಪಾಯಿತು ಎಂದೆ. ಕೈಮುಗಿದೆನೋ ಇಲ್ಲವೋ ನೆನಪಿಲ್ಲ. ಅವರು ಕೂತ್ಕೊ ಎಂದರು. ಒಳಗೆ ಹೇಳಿ ಚಹಾ ತರಿಸಿದರು.

ಆಮೇಲೆ ನಾನು ಆಗಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ. ನೀವು ಆವತ್ತು ಬಂದವರು ಒಂದು ಮಾತು ಹೇಳಬಹುದಿತ್ತಲ್ಲ, ವಾಪಸ್ ಬಂದ ಮಾಲು ಎಂದು. ಹೇಳದೆ ಯಾಕೆ ಹೋದಿರಿ?

ಅಣ್ಣ ಎದ್ದು ಒಳಗೆ ಹೋದರು. ಹಳೆಯ ಫೈಲೊಂದನ್ನು ತಂದು, ಅದರಿಂದ ಎರಡು ಕಾಗದ ತೆಗೆದರು. ಒಂದು, ದುಬೈಯ ಕೊಳ್ಳುಗ ಮಾಡಿಸಿದ ಪರೀಕ್ಷೆಯ ವರದಿ. ನಾಲ್ಕು ಲಾಟುಗಳಲ್ಲಿ ತೇವ ಹದಿನಾಲ್ಕರ ಮೇಲೆ, ಬೂಸರು ಹಿಡಿದಿದೆ, ಅದರಿಂದಾಗಿ ಇಡೀ ಕಂಟೇನರ್ ತಿರಸ್ಕೃತ ಎಂದಿತ್ತು. ಇನ್ನೊಂದು ಒಂದು ಚಿಕ್ಕ ಚೀಟಿ. ಹೋದ ಮೆಣಸೇ ತಿರುಗಿ ಬಂದದ್ದು ಎಂದು ಕಸ್ಟಮ್ಸಿಗೆ ತೋರಿಸಲು ಗೋಣಿಗಳ ಲಾಟ್ ನಂಬರನ್ನು ಒಂದೊಂದಾಗಿ ತಾಳೆ ನೋಡಬೇಕಾಯಿತಂತೆ. ಹಾಗೆ ನೋಡುವಾಗ ಆ ನಾಲ್ಕು ಲಾಟುಗಳ ಚೀಟಿ ಅವರ ಕೈಗೆ ಬಂದಿದೆ. ಬೇರೆ ಬೇರೆ ಬರೆಯಬೇಕಿದ್ದ ನಾಲ್ಕನ್ನೂ ಅವಸರದಲ್ಲಿ ಒಂದೇ ಚೀಟಿಯಲ್ಲಿ ಬರೆದಿತ್ತು. ತೇವ ಹನ್ನೊಂದು, ಹನ್ನೊಂದು, ಹನ್ನೊಂದು, ಹನ್ನೊಂದು. ಅಕ್ಷರ ನನ್ನದು. ಕೆಳಗೆ ಹೆಸರು ಬರೆದು ಮಾಡಿದ ಸಹಿ ನನ್ನದು.

ನನಗೆ ಆ ದಿನ ನೆನಪಿದೆ. ಮಾರ್ಚಿನಲ್ಲಿ ಎರಡು ದಿನ ಅಕಾಲ ಮಳೆ ಬಂದಿತ್ತು. ಮೀಟರಿನ ಬ್ಯಾಟರಿ ಸತ್ತಿತ್ತು, ಕಾಸರಗೋಡಿನಿಂದ ತರಬೇಕಿತ್ತು. ಅಣ್ಣನ ಲಾರಿ ಹೊರಗೆ ನಿಂತಿತ್ತು. ನಮ್ಮಲ್ಲಿ ಹಳಬರು ಮೆಣಸನ್ನು ಹಲ್ಲಿನಡಿ ಇಟ್ಟು ಕಚ್ಚಿ ನೋಡುತ್ತಾರೆ. ಕಟಕ್ ಎಂದು ಒಡೆದರೆ ಒಣಗಿದೆ, ಮೆತ್ತಗೆ ಚಪ್ಪಟೆಯಾದರೆ ಇಲ್ಲ. ನಾನೂ ನಾಲ್ಕು ಗೋಣಿಯಿಂದ ನಾಲ್ಕು ಕಾಳು ಕಚ್ಚಿದೆ. ಕಟಕ್ ಎಂದ ಹಾಗೆ ಆಯಿತು. ಹನ್ನೊಂದು ಎಂದು ಬರೆದು ಲಾರಿ ಹತ್ತಿಸಿದೆ. ಮೇಲಿನ ಕಾಳು ಒಣಗಿತ್ತು, ಗೋಣಿಯ ಒಳಗಿನದ್ದು ಒಣಗಿರಲಿಲ್ಲ. ಆ ನಾಲ್ಕು ಮನೆಗಳಲ್ಲಿ ಒಂದು ನನ್ನದೇ.

"ಇದು ಅವತ್ತು ನನ್ನ ಜೇಬಲ್ಲೇ ಇತ್ತು," ಅಣ್ಣ ಹೇಳಿದರು. "ತೋರಿಸ್ಬೇಕು ಅಂತಲೇ ಬಂದದ್ದು. ನಿನ್ನ ಮುಖ ನೋಡಿದೆ. ಇದನ್ನು ಮೇಜಿನ ಮೇಲಿಟ್ಟರೆ ನಿನ್ನನ್ನು ಸಂಘದಲ್ಲಿ ಇಟ್ಕೊಳ್ಳುದಿಲ್ಲ ಅಂತ ಗೊತ್ತಿತ್ತು. ನೀನು ಇಲ್ಲದಿದ್ರೆ ಆ ಸಂಘ ಎಂತಕ್ಕೆ ಉಂಟು?"

ಮಳೆಗಾಲದಲ್ಲಿ ಅವರು ಬಾರದೇ ಇದ್ದದ್ದು, ಕೇಳಿದಾಗ ಮಾತು ತಿರುಗಿಸಿದ್ದು, ಎಲ್ಲ ಅದಕ್ಕೇ. ತಿರುಗಿ ಬಂದ ಮೆಣಸನ್ನು ಸದ್ದಿಲ್ಲದೆ ಒಣಗಿಸಿ, ಸಿಕ್ಕಿದ ದರಕ್ಕೆ ಇಲ್ಲೇ ಬೇರೆಯವರಿಗೆ ಮಾರಿದ ಮೇಲೆ ಬರೋಣ ಎಂದು ಅವರು ಕಾಯುತ್ತಿದ್ದರಂತೆ. ನಮ್ಮ ಮೆಣಸು ತಿರಸ್ಕೃತವಾದ ಸುದ್ದಿ ಊರಿಗೆ ಗೊತ್ತಾಗುವುದು ಬೇಡ ಎಂದು. ಅದೇ ಹೊತ್ತಿನಲ್ಲಿ ನಾನು ಅವರ ಹತ್ತು ಅಂಕಿ ಹಿಡಿದು ಮಂಗಳೂರಿಗೆ ಹೋದದ್ದು.

ಚಹಾ ಆರಿತ್ತು, ಕುಡಿದೆ. ಅಣ್ಣ ವರದಿಯನ್ನು ಫೈಲಿಗೆ ಹಾಕಿ, ಚೀಟಿಯನ್ನು ನನ್ನ ಕಡೆ ಚಾಚಿದರು. ಇದು ನಿನ್ನದು, ನೀನೇ ಇಟ್ಟುಕೋ ಎಂದರು. ಅದರಲ್ಲಿ ಕೊಂಕು ಇರಲಿಲ್ಲ, ನನ್ನ ಕೊಡೆ ಅವರ ಮನೆಯಲ್ಲಿ ಉಳಿದಿದ್ದರೆ ಹೇಗೆ ಕೊಡುತ್ತಿದ್ದರೋ ಹಾಗೆ ಕೊಟ್ಟರು.

ಮುಂದಿನ ಸಭೆಯಲ್ಲಿ ನಾನು ಎದ್ದು ನಿಂತು, ದಾಖಲೆ ಓದುವುದರಲ್ಲಿ ತಪ್ಪಾಗಿತ್ತು, ಅದು ಹೊರಗಿನ ಮೆಣಸಲ್ಲ, ಕಳಿಸಿದ್ದೇ ತಿರುಗಿ ಬಂದದ್ದು ಎಂದು ಹೇಳಿದೆ. ಯಾಕೆ ತಿರುಗಿ ಬಂತು ಎಂದು ಒಬ್ಬರು ಕೇಳಿದರು. ಅವರೇ, ಮೊದಲು ಅಣ್ಣನನ್ನು ಕೇಳೋಣ ಎಂದವರು. ಚೀಟಿ ನನ್ನ ಜೇಬಿನಲ್ಲಿತ್ತು. ಜೇಬಿನ ಮೇಲೆ ಕೈ ಇಟ್ಟೆ. ತೇವ ಜಾಸ್ತಿ ಇತ್ತಂತೆ, ಎಲ್ಲಿಯ ಮಾಲೋ ಏನೋ ಎಂದೆ. ಅಲ್ಲಿಗೆ ಮುಗಿಯಿತು. ಹಾಗಾದರೆ ಅಣ್ಣ ಒಳ್ಳೆಯ ಮೆಣಸು ಕಳಿಸುತ್ತಿರಲಿಲ್ಲ ಅಂತಾಯ್ತು, ನಾವು ಬಿಟ್ಟದ್ದೇ ಸರಿ ಎಂದು ಲಾರಿ ಕಂಡವರು ಹೇಳಿದರು. ನಾನು ಸುಮ್ಮನೆ ಕೂತೆ. ಮೊದಲ ಸಲ ತಿಳಿಯದೆ ಮಾಡಿದ್ದೆ. ಈ ಸಲ ತಿಳಿದೇ ಮಾಡಿದೆ.

ಈಚೆಗೆ ಹೊಸ ನಿಯಮ ಬಂದಿದೆ. ಐಇಸಿ ಇರುವವರು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಜಾಲತಾಣದಲ್ಲಿ ತಮ್ಮ ವಿವರ ಸರಿ ಉಂಟೆಂದು ಖಚಿತಪಡಿಸಬೇಕು, ಇಲ್ಲದಿದ್ದರೆ ಸಂಖ್ಯೆ ನಿಷ್ಕ್ರಿಯವಾಗುತ್ತದೆ. ಜುಲೈ ಬಂದಾಗ ನಾನು ಸಂಘದ ಕಂಪ್ಯೂಟರಿನಲ್ಲಿ ಅಣ್ಣನ ಹತ್ತು ಅಂಕಿ ಹಾಕಿ ನೋಡಿದೆ. ನಿಷ್ಕ್ರಿಯ ಎಂದು ಬಂತು. ಶಿರಿಯಕ್ಕೆ ಓಡಿದೆ. ತಡವಾಗಿ ಮಾಡಿದರೂ ಪುನಃ ಚಾಲ್ತಿಗೆ ಬರುತ್ತದೆ, ನಿಮ್ಮ ಲಾಗಿನ್ ಹೇಳಿ, ನಾನೇ ಮಾಡಿಕೊಡುತ್ತೇನೆ, ಖರ್ಚೂ ನನ್ನದೇ ಇರಲಿ ಎಂದೆ. ಇಷ್ಟಾದರೂ ಮಾಡಿದರೆ ಸ್ವಲ್ಪ ಹಗುರಾದೀತು ಎಂಬ ಆಸೆ.

ಅಣ್ಣ ನಕ್ಕರು. "ನಂಬರು ಸರಿ ಮಾಡುದು ದೊಡ್ಡ ವಿಷಯ ಅಲ್ಲ. ಕಳಿಸ್ಲಿಕ್ಕೆ ಮೆಣಸು ಎಲ್ಲಿಂದ ತರಲಿ? ನಿಮ್ಮವರು ಕೊಡ್ತಾರಾ?"

ಕೊಡುತ್ತಾರೆ, ಆ ಚೀಟಿ ನೋಡಿದರೆ ಕೊಡುತ್ತಾರೆ. ಅದು ನನಗೂ ಗೊತ್ತು, ಅವರಿಗೂ ಗೊತ್ತು. ಅವರು ಸ್ವಲ್ಪ ಹೊತ್ತು ಕಾದರು, ನಿಜವಾಗಿಯೂ ಕಾದರು. ಆಮೇಲೆ, ಹೋಗಲಿ ಬಿಡು, ನಿಮ್ಮ ಮೀಟರಿಗೆ ಬ್ಯಾಟರಿ ಉಂಟಾ ಎಂದು ಕೇಳಿ ಮಾತು ಬದಲಿಸಿದರು.

ಚೀಟಿ ಈಗ ಸಂಘದ ನಡಾವಳಿ ಪುಸ್ತಕದ ನಡುವೆ ಇದೆ. ಪ್ರತಿ ಸಭೆಯಲ್ಲೂ ಆ ಪುಸ್ತಕ ತೆರೆಯುವವನು ನಾನೇ, ಮುಚ್ಚುವವನೂ ನಾನೇ. ಜುಲೈ ಆದಮೇಲೆ ಮೂರು ಸಭೆಗಳಾದವು. ಇಲ್ಲಿ ಇದನ್ನೆಲ್ಲ ಬರೆಯುವುದು ನನಗೆ ಅಷ್ಟೇನೂ ಕಷ್ಟವಾಗಲಿಲ್ಲ, ಯಾಕೆಂದರೆ ಇಲ್ಲಿ ಯಾರ ಹೆಸರೂ ಇಲ್ಲ. ಆ ಚೀಟಿಯಲ್ಲಿ ನನ್ನ ಹೆಸರಿದೆ.